1.22 ಎಂದರೆ 1 ಅಲ್ಲ

ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿಯೊಬ್ಬಳ ರೆಕಾರ್ಡ್ ಪುಸ್ತಕ ತಿದ್ದುತ್ತಿದ್ದೆ. ಅಕ್ಷರ ಮುತ್ತಿನಂತಿತ್ತು, ಕೋಷ್ಟಕಕ್ಕೆ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ಕೊನೆಯ ಪುಟಕ್ಕೆ ಬಂದಾಗ ಈ ಸಾಲು ಸಿಕ್ಕಿತು: ‘ಪರ್‌ಸಲ್ಫೇಟಿನ ಆರ್ಡರ್ = 1.22 ≈ 1’. ಕೆಂಪು ಪೆನ್ನು ಅಲ್ಲೇ ನಿಂತಿತು. ಪುಸ್ತಕದ ಪ್ರಕಾರ ಉತ್ತರ 1 ಎನ್ನುವುದು ಸರಿಯೇ. ಆದರೆ 1.22 ಎಂಬ ಅಂಕಿಯಿಂದ 1ಕ್ಕೆ ಆಕೆ ಹಾರಿದ್ದು ಹೇಗೆ? ಕೇಳಿದೆ. ‘ಹತ್ತಿರ ಇದೆಯಲ್ಲ ಸರ್’ ಎಂದಳು. ಎಷ್ಟು ಹತ್ತಿರವಿದ್ದರೆ ಹತ್ತಿರ ಎಂಬ ಪ್ರಶ್ನೆಗೆ ಆ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಮೊದಲು ಆಟ ಏನೆಂದು ಹೇಳುತ್ತೇನೆ. ಪೊಟ್ಯಾಸಿಯಂ ಅಯೋಡೈಡಿನ ದ್ರಾವಣಕ್ಕೆ ಅಮೋನಿಯಂ ಪರ್‌ಸಲ್ಫೇಟ್ ಸುರಿದರೆ ನಿಧಾನವಾಗಿ ಅಯೋಡಿನ್ ಹುಟ್ಟುತ್ತದೆ. ಅದೇ ಫ್ಲಾಸ್ಕಿಗೆ ಒಂದಿಷ್ಟು ಸೋಡಿಯಂ ಥಯೋಸಲ್ಫೇಟನ್ನೂ ಎರಡು ಹನಿ ಗಂಜಿಯನ್ನೂ ಮೊದಲೇ ಹಾಕಿಟ್ಟಿರುತ್ತೇವೆ. ಹುಟ್ಟಿದ ಅಯೋಡಿನನ್ನು ಥಯೋಸಲ್ಫೇಟ್ ಹುಟ್ಟಿದ ಕ್ಷಣವೇ ನುಂಗಿ ಮತ್ತೆ ಅಯೋಡೈಡ್ ಮಾಡಿಬಿಡುತ್ತದೆ. ಹಾಗಾಗಿ ಬಹಳ ಹೊತ್ತು ದ್ರಾವಣ ನೀರಿನಂತೆ ತಿಳಿಯಾಗಿಯೇ ಇರುತ್ತದೆ. ಥಯೋಸಲ್ಫೇಟ್ ಮುಗಿದದ್ದೇ ತಡ, ಅಯೋಡಿನ್ ಗಂಜಿಗೆ ಸಿಕ್ಕಿ ಇಡೀ ಫ್ಲಾಸ್ಕು ಒಂದೇ ಬಾರಿಗೆ ಕಡುನೀಲಿಯಾಗುತ್ತದೆ. ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ತುಂಬಲು ಎಷ್ಟು ಹೊತ್ತಾಯಿತೆಂದು ನೋಡಿದ ಹಾಗೆ ಇದು. ಬಿಂದಿಗೆಯ ಅಳತೆ ಗೊತ್ತಿದ್ದರೆ ನೀರು ಬರುವ ವೇಗ ಗೊತ್ತು. ಇಲ್ಲಿ ಥಯೋಸಲ್ಫೇಟೇ ಬಿಂದಿಗೆ.

ಈ ಉಪಾಯ ಹಳೆಯದು. 1860ರ ದಶಕದಲ್ಲಿ ಆಕ್ಸ್‌ಫರ್ಡಿನ ರಸಾಯನಶಾಸ್ತ್ರಜ್ಞ ಅಗಸ್ಟಸ್ ವರ್ನನ್ ಹಾರ್ಕೋರ್ಟ್ ಮತ್ತು ಗಣಿತಜ್ಞ ವಿಲಿಯಂ ಎಸನ್ ಹೈಡ್ರೋಜನ್ ಪೆರಾಕ್ಸೈಡ್ ಹಾಗೂ ಅಯೋಡೈಡ್ ಇಟ್ಟುಕೊಂಡು, ಥಯೋಸಲ್ಫೇಟನ್ನು ಸ್ವಲ್ಪಸ್ವಲ್ಪವೇ ಹಾಕುತ್ತ, ನೀಲಿ ಮರಳಿ ಬರುವ ಹೊತ್ತನ್ನು ಪ್ರತಿಬಾರಿ ಗುರುತಿಸಿಕೊಂಡಿದ್ದರು. ರಸಾಯನಶಾಸ್ತ್ರಕ್ಕೆ ಗಣಿತದವರ ಜೊತೆ ಬೇಕಾದದ್ದು ಇವತ್ತಿನ ಮಾತಲ್ಲ.

ಈಗ ಹುಡುಗಿಯ ಅಂಕಿಗಳು. ಮೊದಲ ಫ್ಲಾಸ್ಕಿನಲ್ಲಿ 0.20 ಮೋಲಾರ್ ಅಯೋಡೈಡ್ 20 ಮಿಲಿಲೀಟರ್, 0.10 ಮೋಲಾರ್ ಪರ್‌ಸಲ್ಫೇಟ್ 20 ಮಿ.ಲೀ., 0.0050 ಮೋಲಾರ್ ಥಯೋಸಲ್ಫೇಟ್ 10 ಮಿ.ಲೀ. ಒಟ್ಟು 50. ಬಾಟಲಿಯ ಮೇಲೆ ಬರೆದ ಸಾಂದ್ರತೆ ಬೆರೆಸಿದ ಮೇಲೆ ಉಳಿಯುವುದಿಲ್ಲ ಎಂಬುದನ್ನು ಅರ್ಧ ತರಗತಿ ಮರೆಯುತ್ತದೆ. ಈಕೆ ಮರೆತಿರಲಿಲ್ಲ. ಬೆರೆತ ಮೇಲೆ ಅಯೋಡೈಡ್ 0.080, ಪರ್‌ಸಲ್ಫೇಟ್ 0.040, ಥಯೋಸಲ್ಫೇಟ್ 0.0010 ಮೋಲಾರ್. ನೀಲಿ ಬಂದದ್ದು 31 ಸೆಕೆಂಡಿಗೆ. ಒಂದು ಪರ್‌ಸಲ್ಫೇಟಿನಿಂದ ಹುಟ್ಟುವ ಅಯೋಡಿನ್ ಎರಡು ಥಯೋಸಲ್ಫೇಟನ್ನು ತಿನ್ನುವುದರಿಂದ, ಅಷ್ಟು ಹೊತ್ತಿನಲ್ಲಿ ಖರ್ಚಾದ ಪರ್‌ಸಲ್ಫೇಟ್ 0.00050 ಮೋಲಾರ್. ಭಾಗಿಸಿದರೆ ದರ ಸೆಕೆಂಡಿಗೆ 1.6 × 10⁻⁵ ಮೋಲಾರ್.

ಇದನ್ನು ‘ಆರಂಭಿಕ ದರ’ ಎನ್ನಲು ಏನು ಹಕ್ಕು? ಇದ್ದ 0.040ರಲ್ಲಿ ಖರ್ಚಾದದ್ದು 0.0005, ಅಂದರೆ ನೂರಕ್ಕೆ ಒಂದೂಕಾಲು. ಅಯೋಡೈಡಂತೂ ಥಯೋಸಲ್ಫೇಟಿನ ಕೃಪೆಯಿಂದ ಹೋದಷ್ಟೇ ವಾಪಸು ಬರುತ್ತಿದೆ. ಹಾಗಾಗಿ ನೀಲಿ ಬರುವವರೆಗೆ ಎರಡರ ಸಾಂದ್ರತೆಯೂ ಹೆಚ್ಚುಕಡಿಮೆ ಇದ್ದಂತೆಯೇ ಇದೆ. ವರದಿಯಲ್ಲಿ ಈ ಲೆಕ್ಕಕ್ಕೆ ಒಂದೇ ಸಾಲು ಸಾಕು. ಆದರೆ ಆ ಸಾಲು ಬರೆದವರನ್ನು ನಾನು ನೋಡಿದ್ದು ಬೆರಳೆಣಿಕೆಯಷ್ಟು.

ಆರ್ಡರ್ ಎಂದರೆ, ಒಂದು ವಸ್ತುವಿನ ಸಾಂದ್ರತೆಯನ್ನು ಬದಲಿಸಿದರೆ ದರ ಅದಕ್ಕೆ ಎಷ್ಟು ಓಗೊಡುತ್ತದೆ ಎಂಬ ಲೆಕ್ಕ. ಸಾಂದ್ರತೆ ಅರ್ಧ ಮಾಡಿದಾಗ ದರವೂ ಅರ್ಧವಾದರೆ ಆರ್ಡರ್ 1. ಕಾಲುಭಾಗಕ್ಕೆ ಇಳಿದರೆ 2. ಕದಲದೆ ಕೂತರೆ ಸೊನ್ನೆ. ಎರಡನೇ ಫ್ಲಾಸ್ಕಿನಲ್ಲಿ ಅಯೋಡೈಡನ್ನು 10 ಮಿ.ಲೀ.ಗೆ ಇಳಿಸಿ, ಬಾಕಿ 10 ಮಿ.ಲೀ. ಜಾಗಕ್ಕೆ 0.20 ಮೋಲಾರ್ ಪೊಟ್ಯಾಸಿಯಂ ನೈಟ್ರೇಟ್ ಹಾಕಿದಳು. ನೀಲಿ 63 ಸೆಕೆಂಡಿಗೆ ಬಂತು. ಬಿಂದಿಗೆ ಅದೇ ಆದ್ದರಿಂದ ಸಮಯದ ಅನುಪಾತವೇ ದರದ ಅನುಪಾತ. log(63/31) ಅನ್ನು log 2ರಿಂದ ಭಾಗಿಸಿದರೆ 1.02.

ಇಲ್ಲೊಂದು ಮಾತು. ಸಮೀಕರಣದಲ್ಲಿ ಒಂದು ಪರ್‌ಸಲ್ಫೇಟಿಗೆ ಎರಡು ಅಯೋಡೈಡ್ ಇದೆ. ಅದನ್ನು ನೋಡಿ ‘ಅಯೋಡೈಡಿನ ಆರ್ಡರ್ 2’ ಎಂದು ಪ್ರಯೋಗಕ್ಕೂ ಮೊದಲೇ ಬರೆದಿಡುವವರು ಪ್ರತಿವರ್ಷ ಸಿಗುತ್ತಾರೆ. ಅದು ನಿಜವಾಗಿದ್ದರೆ ಎರಡನೇ ಫ್ಲಾಸ್ಕು 124 ಸೆಕೆಂಡು ಕಾಯಿಸಬೇಕಿತ್ತು. ಸಮೀಕರಣ ಹೇಳುವುದು ಒಟ್ಟು ಲೆಕ್ಕವನ್ನು. ದಾರಿಯಲ್ಲಿ ಯಾವ ಮೆಟ್ಟಿಲು ನಿಧಾನ ಎಂಬುದನ್ನು ಹೇಳುವುದು ಗಡಿಯಾರ. ಇಲ್ಲಿನ ಅಂಕಿಗಳು, ನಿಧಾನದ ಮೆಟ್ಟಿಲಲ್ಲಿ ಒಂದು ಅಯೋಡೈಡೂ ಒಂದು ಪರ್‌ಸಲ್ಫೇಟೂ ಎದುರಾಗುತ್ತವೆ ಎಂಬ ಚಿತ್ರಕ್ಕೆ ಹೊಂದುತ್ತವೆ. ‘ಹೊಂದುತ್ತವೆ’ ಎಂದೇ ಬರೆಯಬೇಕು. ‘ಸಾಬೀತಾಯಿತು’ ಎಂದು ಬರೆದರೆ ನಾನು ಅಡಿಗೆರೆ ಎಳೆಯುತ್ತೇನೆ.

ಮೂರನೇ ಫ್ಲಾಸ್ಕಿಗೆ ಬರೋಣ. ಅಯೋಡೈಡ್ ಮೊದಲಿನಷ್ಟೇ, ಪರ್‌ಸಲ್ಫೇಟ್ ಅರ್ಧ. ನೀಲಿ ಬಂದದ್ದು 72 ಸೆಕೆಂಡಿಗೆ. ಆರ್ಡರ್ 1.22.

ಇದು 1ಕ್ಕೆ ಹತ್ತಿರವೋ ಅಲ್ಲವೋ ಎಂದು ತೀರ್ಮಾನಿಸುವುದು ಕಣ್ಣಲ್ಲ, ಸ್ಟಾಪ್‌ವಾಚ್. ಬಣ್ಣ ಕಂಡು ಗುಂಡಿ ಒತ್ತುವಷ್ಟರಲ್ಲಿ ಒಂದು ಸೆಕೆಂಡು ಆಚೀಚೆ ಆಗುತ್ತದೆ ಎಂದುಕೊಳ್ಳಿ. 31 ಸೆಕೆಂಡಿನಲ್ಲಿ ಅದು ನೂರಕ್ಕೆ ಮೂರು, 63ರಲ್ಲಿ ಒಂದೂವರೆ. ಎರಡನ್ನೂ ಸೇರಿಸಿ, ln 2 ಅಂದರೆ 0.69ರಿಂದ ಭಾಗಿಸಿದರೆ, ಆರ್ಡರಿನಲ್ಲಿ ಸುಮಾರು 0.05ರಷ್ಟು ಅಲುಗಾಟ. ಹಾಗಾಗಿ ಅಯೋಡೈಡಿನ 1.02 ± 0.05 ಅನ್ನು 1 ಎನ್ನಲು ಅಡ್ಡಿಯಿಲ್ಲ. ಆದರೆ 1.22 ದೂರ ಸರಿದಿರುವುದು ಆ ಅಲುಗಾಟದ ನಾಲ್ಕು ಪಟ್ಟಿಗೂ ಹೆಚ್ಚು. ಕೈ ತಡವಾದದ್ದರ ಮೇಲೆ ಇದನ್ನು ಹೊರಿಸಲಾಗದು. ಆಕೆ ಮೂರು ಸಲ ಮಾಡಿದ್ದಳು. 71, 72, 73 ಬಂದಿತ್ತು. ಅಂದರೆ ಕೈಯೂ ನೆಟ್ಟಗಿದೆ, ಉತ್ತರ ಮಾತ್ರ ಪಕ್ಕಕ್ಕಿದೆ. ಏನೋ ಒಂದು ಪ್ರತಿಸಲವೂ ಒಂದೇ ದಿಕ್ಕಿಗೆ ಎಳೆಯುತ್ತಿದೆ.

‘ಪರ್‌ಸಲ್ಫೇಟ್ ಕಡಿಮೆ ಮಾಡಿದ ಜಾಗಕ್ಕೆ ಏನು ಹಾಕಿದೆ?’ ಎಂದೆ.

‘ಅಮೋನಿಯಂ ಸಲ್ಫೇಟ್ ಬಾಟಲಿ ಖಾಲಿಯಾಗಿತ್ತು ಸರ್. ಅದು ಕ್ರಿಯೆಯಲ್ಲಿ ಭಾಗವಹಿಸೋದೇ ಇಲ್ವಲ್ಲ ಅಂತ ಡಿಸ್ಟಿಲ್ಡ್ ವಾಟರ್ ಹಾಕ್ಬಿಟ್ಟೆ.’

ಸಿಕ್ಕಿತು. ಅಯೋಡೈಡಿಗೆ ಒಂದು ಋಣ ವಿದ್ಯುದಂಶ, ಪರ್‌ಸಲ್ಫೇಟಿಗೆ ಎರಡು. ಎರಡೂ ಋಣವಾದ್ದರಿಂದ ಹತ್ತಿರ ಬಂದರೆ ಒಂದನ್ನೊಂದು ದೂಡುತ್ತವೆ. ಸುತ್ತ ಪೊಟ್ಯಾಸಿಯಂ, ಅಮೋನಿಯಂನಂಥ ಧನ ಅಯಾನುಗಳ ಸಂತೆ ನೆರೆದಿದ್ದರೆ ಆ ದೂಡಾಟ ತಗ್ಗುತ್ತದೆ, ಕ್ರಿಯೆ ಚುರುಕಾಗುತ್ತದೆ. ನೀರು ಹಾಕಿದಾಗ ಸಂತೆಯೇ ತೆಳುವಾಯಿತು. ಪರ್‌ಸಲ್ಫೇಟ್ ಅರ್ಧವಾದದ್ದರಿಂದ ದರ ಒಂದು ಸಲ ಇಳಿಯಿತು, ಉಪ್ಪು ಕಡಿಮೆಯಾದದ್ದರಿಂದ ಇನ್ನೊಂದಿಷ್ಟು ಇಳಿಯಿತು. ಒಂದನ್ನೇ ಬದಲಿಸಿದೆ ಎಂದುಕೊಂಡವಳು ಎರಡನ್ನು ಬದಲಿಸಿದ್ದಳು. ಅಮೋನಿಯಂ ಸಲ್ಫೇಟ್ ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ ಎಂಬ ಕಾರಣಕ್ಕೇ ಅದನ್ನು ಅಲ್ಲಿಟ್ಟಿರುವುದು: ಪರ್‌ಸಲ್ಫೇಟಿನ ಬದಲು ಬಂದು, ಅದರಷ್ಟೇ ಅಯಾನುಗಳನ್ನು ಕೊಟ್ಟು, ಸುಮ್ಮನೆ ನಿಂತಿರಲಿ ಎಂದು.

ಇದೇ ಬಗೆಯ ಇನ್ನೊಂದು ಕಳ್ಳ ಉಷ್ಣತೆ. ಈ ಕ್ರಿಯೆಯಲ್ಲಿ ಒಂದು ಡಿಗ್ರಿ ಏರಿದರೆ ದರ ಸುಮಾರು ನೂರಕ್ಕೆ ಏಳು ಹೆಚ್ಚುತ್ತದೆ. ಮೊದಲ ಫ್ಲಾಸ್ಕು ಬೆಳಿಗ್ಗೆ, ಮೂರನೆಯದು ಊಟ ಮುಗಿಸಿ ಬಂದ ಮೇಲೆ ಮಾಡಿದರೆ ಆರ್ಡರ್ 0.7ಕ್ಕೆ ಜಾರಿದರೂ ಆಶ್ಚರ್ಯವಿಲ್ಲ. ತಾಮ್ರದ ಕುರುಹು ಕೂಡ ಈ ಕ್ರಿಯೆಯನ್ನು ಓಡಿಸುತ್ತದೆ, ಅದಕ್ಕೇ ನಲ್ಲಿ ನೀರು ಬೇಡ ಎನ್ನುವುದು.

ಮರುದಿನ ಸ್ಟೋರಿನಿಂದ ಅಮೋನಿಯಂ ಸಲ್ಫೇಟ್ ಬಂತು. 0.10 ಮೋಲಾರ್ ಮಾಡಿ, 10 ಮಿ.ಲೀ. ನೀರಿನ ಜಾಗಕ್ಕೆ ಅದನ್ನು ಹಾಕಿ ಮತ್ತೆ ಮಾಡಿದಳು. ಸರಾಸರಿ 60 ಸೆಕೆಂಡು. ಆರ್ಡರ್ 0.95. ಅಲುಗಾಟ 0.05 ಎಂದ ಮೇಲೆ ಇದನ್ನು 1 ಎನ್ನಬಹುದು.

ಬರೆಯುವಾಗ ಆಕೆಗೆ ಮೊದಲು ಬಂದ ವಾಕ್ಯ ‘ಕೋಷ್ಟಕದಿಂದ ಆರ್ಡರ್ 1 ಎಂದು ತಿಳಿದುಬರುತ್ತದೆ’. ಕೋಷ್ಟಕದಿಂದ ಏನೂ ತಾನಾಗಿ ತಿಳಿದುಬರುವುದಿಲ್ಲ. ಯಾವ ಎರಡು ಸಾಲನ್ನು ಪಕ್ಕಪಕ್ಕ ಇಟ್ಟೆ, ಯಾವುದು ಬದಲಾಗದೆ ಉಳಿಯಿತು, ಅನುಪಾತ ಎಷ್ಟು ಬಂತು, ಎಷ್ಟು ನಂಬಬಹುದು ಎಂಬುದನ್ನು ಓದುವವರ ಕೈ ಹಿಡಿದು ಹೇಳಬೇಕು. ಎರಡು ಸಲ ಹೊಡೆದುಹಾಕಿ ಮೂರನೇ ಸಲ ಬರೆದದ್ದು ಹೀಗಿತ್ತು:

‘1 ಮತ್ತು 3ನೇ ಪ್ರಯೋಗಗಳಲ್ಲಿ ಅಯೋಡೈಡ್, ಥಯೋಸಲ್ಫೇಟ್, ಒಟ್ಟು ಉಪ್ಪಿನ ಪ್ರಮಾಣ ಮತ್ತು ಉಷ್ಣತೆ ಒಂದೇ. ಪರ್‌ಸಲ್ಫೇಟ್ 0.040ರಿಂದ 0.020 ಮೋಲಾರ್‌ಗೆ ಇಳಿದಾಗ ಸಮಯ 31ರಿಂದ 60 ಸೆಕೆಂಡಿಗೆ ಏರಿತು. ಆದ್ದರಿಂದ n = log(60/31)/log 2 = 0.95. ಸಮಯದಲ್ಲಿ 1 ಸೆಕೆಂಡಿನ ಅನಿಶ್ಚಿತತೆ n ಮೇಲೆ ಸುಮಾರು ±0.05 ಆಗುತ್ತದೆ. 1 ಈ ಮಿತಿಯೊಳಗಿರುವುದರಿಂದ n = 1 ಎಂದು ತೆಗೆದುಕೊಂಡಿದೆ.’

ಮೂರು ಪ್ರಯೋಗಗಳಿಂದ ದರ ಸ್ಥಿರಾಂಕ 5.0, 5.0, 5.2 × 10⁻³ ಬಂತು, ಘಟಕ L mol⁻¹ s⁻¹. ಆದರೂ ಪ್ರತಿ ವಸ್ತುವಿಗೆ ಎರಡೇ ಬಿಂದು. ಎರಡು ಬಿಂದುಗಳ ನಡುವೆ ಯಾವ ಗೆರೆಯನ್ನೂ ನೇರವಾಗಿ ಎಳೆಯಬಹುದು. ನಾಲ್ಕೈದು ಸಾಂದ್ರತೆಗಳಲ್ಲಿ ಮಾಡಿ ಲಾಗ್ ನಕ್ಷೆ ಹಾಕುವುದು ಒಳ್ಳೆಯದು, ಹೊತ್ತಿರಲಿಲ್ಲ. ಅದರ ಬದಲು ಒಂದು ಪಂಥ ಹಾಕಿದೆ: ಎರಡನ್ನೂ ಅರ್ಧ ಮಾಡಿದರೆ ಎಷ್ಟು ಸೆಕೆಂಡು ಹಿಡಿಯುತ್ತದೆ, ಮಾಡುವ ಮೊದಲೇ ಬರೆದಿಡು. ಸರಾಸರಿ 5.1 × 10⁻³ ಇಟ್ಟುಕೊಂಡು 123 ಎಂದು ಬರೆದಳು. ನೀಲಿ 121ಕ್ಕೆ ಬಂತು.

72 ಸೆಕೆಂಡಿನ ಹಳೆಯ ಪುಟವನ್ನು ಹರಿಯಲಾ ಸರ್ ಎಂದು ಕೇಳಿದಳು. ಬೇಡ, ಅದರ ಕೆಳಗೆ ಕಾರಣ ಬರಿ ಎಂದೆ. ಆಕೆ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಅಯಾನುಗಳ ಬಲ 0.203ರಿಂದ 0.143ಕ್ಕೆ ಇಳಿದರೆ ದರ ಎಷ್ಟು ಕುಗ್ಗಬೇಕೆಂದು ಡಿಬೈ-ಹುಕೆಲ್ ಸೂತ್ರದಿಂದ ಲೆಕ್ಕ ಹಾಕಿದ್ದಳು. ಇಷ್ಟು ಉಪ್ಪಿರುವ ದ್ರಾವಣಕ್ಕೆ ಆ ಸೂತ್ರ ಒರಟು ಅಂದಾಜಷ್ಟೇ ಎಂದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದೂ ಇದ್ದಳು. ಲೆಕ್ಕದಲ್ಲಿ ಬಂದ ಸಮಯ 73 ಸೆಕೆಂಡು.