‘ಮನೆಗೆ ಹೋದ ಮೇಲೆ ನೋಡೋಣ’ ಎಂದರೆ ಹೊಟ್ಟೆ ಕೇಳೀತೇ?

ಆಫೀಸಿನ ಕ್ಯಾಂಟೀನಿನಲ್ಲಿ ಇಡ್ಲಿ ತಿಂದು ಕಾಫಿ ಕುಡಿದ ಅರ್ಧ ಗಂಟೆಯೊಳಗೆ ಶೌಚಕ್ಕೆ ಕರೆ ಬರುವುದು ಸಹಜ. ಜಠರಕ್ಕೆ ತಿಂಡಿ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುತ್ತದೆ, ಬೆಳಗಿನ ಹೊತ್ತು ಇನ್ನೂ ಹೆಚ್ಚು. ಆದರೆ ಸದ್ದು ಯಾರಿಗಾದರೂ ಕೇಳೀತು, ವಾಸನೆ ಬಂದೀತು ಎಂಬ ಸಂಕೋಚಕ್ಕೆ ಎಷ್ಟೋ ಜನ ಬಿಗಿಹಿಡಿದು ಕೂರುತ್ತಾರೆ.

ಹೀಗೆ ತಡೆದರೆ ಸ್ವಲ್ಪ ಹೊತ್ತಿಗೆ ಒತ್ತಡ ಇಳಿದುಹೋಗುತ್ತದೆ. ಮಲ ಮಾತ್ರ ಒಳಗೇ ಇರುತ್ತದೆ. ಕರುಳು ಅದರ ನೀರನ್ನು ಹೀರುತ್ತಲೇ ಇರುವುದರಿಂದ ಸಂಜೆಯ ಹೊತ್ತಿಗೆ ಅದು ಗಟ್ಟಿಯಾಗಿರುತ್ತದೆ. ಮನೆಗೆ ಬಂದು ಕೂತರೆ ಕರೆಯೇ ಇಲ್ಲ. ತಿಣುಕಿದರೆ ಗುದದ್ವಾರ ಸೀಳಿ ಉರಿ, ರಕ್ತ. ಆ ನೋವಿನ ಭಯಕ್ಕೆ ಮರುದಿನ ಇನ್ನಷ್ಟು ತಡೆಯುವುದು. ವರ್ಷಗಟ್ಟಲೆ ಹೀಗಾದರೆ ಕರೆಯ ಅರಿವೇ ಮಂದವಾಗಬಹುದು.

ಪಿಜಿಯಲ್ಲಿದ್ದು, ಬೆಳಿಗ್ಗೆ 7ಕ್ಕೆ ಕ್ಯಾಬ್ ಹತ್ತುವ ಯುವತಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳು ಮೊದಲು ಮಾಡಬಹುದಾದದ್ದು, 6ಕ್ಕೇ ಎದ್ದು ಬಾಳೆಹಣ್ಣು, ಬಿಸಿ ಕಾಫಿ ಮುಗಿಸಿ, 6.20ಕ್ಕೆ ಕರೆ ಬರಲಿ ಬಿಡಲಿ ಐದು ನಿಮಿಷ ಕೂರುವುದು. ಕೆಲವು ವಾರ ನಡೆಸಿದರೆ ಕರುಳು ಆ ಹೊತ್ತಿಗೆ ಒಗ್ಗಿಕೊಳ್ಳಬಹುದು. ಕಮೋಡ್ ಆದರೆ ಕಾಲ ಕೆಳಗೆ ಗಿಡ್ಡ ಸ್ಟೂಲ್ ಇಟ್ಟು ಮುಂದಕ್ಕೆ ಬಾಗಬೇಕು. ಮಂಡಿ ಮೇಲೆ ಬಂದರೆ ಮಲದ ದಾರಿ ನೇರವಾಗುತ್ತದೆ.

ಇಷ್ಟಕ್ಕೇ ನಿಂತರೆ ಸಾಲದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪ್ರಯಾಣ, ಬೇರೆ ಶಿಫ್ಟ್ ಬಂದ ದಿನ ಸಮಸ್ಯೆ ಮರಳುತ್ತದೆ. ಹಾಗಾಗಿ ಆಫೀಸಿನ ಶೌಚಾಲಯವನ್ನೇ ಅಭ್ಯಾಸ ಮಾಡಿಕೊಳ್ಳಬೇಕು. ಮೊದಲ ವಾರ ಜನ ಕಡಿಮೆಯಿರುವ ಬೇರೆ ಮಹಡಿಯದಕ್ಕೆ ಹೋಗಿ, ಬಾಗಿಲು ಹಾಕಿಕೊಂಡು ಸುಮ್ಮನೆ ಕೂತು ಬಂದರೂ ಸಾಕು. ಎದೆಬಡಿತ ತಗ್ಗುವ ತನಕ ಕೂರುವುದು ಮುಖ್ಯ, ಗಾಬರಿಯಲ್ಲೇ ಎದ್ದು ಬಂದರೆ ಭಯ ಗಟ್ಟಿಯಾಗುತ್ತದೆ. ಆಮೇಲೆ ಕರೆ ಬಂದಾಗ ಅಲ್ಲಿಗೆ, ಕೊನೆಗೆ ಪಕ್ಕದಲ್ಲಿ ಯಾರಾದರೂ ಇರುವಾಗಲೂ. ನೀರಿನ ಮೇಲೆ ಎರಡು ಹಾಳೆ ಟಿಶ್ಯೂ ಹಾಕಿದರೆ ಸದ್ದು ತಗ್ಗುತ್ತದೆ, ನಡುವೆ ಒಮ್ಮೆ ಫ್ಲಶ್ ಮಾಡಿದರೆ ವಾಸನೆ ಕಡಿಮೆಯಾಗುತ್ತದೆ. ಭಯ ಇಳಿದಂತೆ ಈ ಉಪಾಯಗಳನ್ನೂ ಬಿಡುತ್ತ ಬರಬೇಕು.

ಕೊಳಕೆಂದು ಸೀಟಿನ ಮೇಲೆ ಅರ್ಧ ಎದ್ದು ಕೂರುವವರಿದ್ದಾರೆ. ಹಾಗೆ ಕೂತರೆ ತೊಡೆಯೊಡನೆ ಕೆಳಗಿನ ಸ್ನಾಯುಗಳೂ ಬಿಗಿಯಾಗಿ ಮಲ ಸಲೀಸಾಗಿ ಇಳಿಯುವುದಿಲ್ಲ. ಸೀಟು ಒರೆಸಿ ಪೂರ್ತಿ ಕೂತು, ಹೊಟ್ಟೆ ಉಬ್ಬುವಂತೆ ಉಸಿರೆಳೆದು ನಿಧಾನವಾಗಿ ಬಿಡಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ತಿಣುಕದೆ ಎದ್ದುಬನ್ನಿ.

ಕರೆ ಬಾರದಿರಲೆಂದು ತಿಂಡಿ ಬಿಡುವುದು, ಭೇದಿ ನಿಲ್ಲಿಸುವ ಮಾತ್ರೆ ನುಂಗುವುದು ಮಲಬದ್ಧತೆಯನ್ನು ಹೆಚ್ಚಿಸುತ್ತವೆ. ಅಭ್ಯಾಸದ ನಂತರವೂ ಭಯ ಇಳಿಯದಿದ್ದರೆ ಮನಶ್ಶಾಸ್ತ್ರಜ್ಞರು ಇದೇ ಹಂತಗಳನ್ನು ಜೊತೆಗಿದ್ದು ಮಾಡಿಸುತ್ತಾರೆ. ಮನೆಯಲ್ಲೂ ಸಲೀಸಾಗಿ ಆಗದವರು, ರಕ್ತ ಕಂಡವರು, ಕಾರಣವಿಲ್ಲದೆ ತೂಕ ಇಳಿದವರು ಮೊದಲು ವೈದ್ಯರಿಗೆ ತೋರಿಸಬೇಕು.