ಓಟದ ಬೂಟು, ಒಳಾಂಗಣದ ಬೂಟು

ಬೆಳಗಿನ ಹೊತ್ತು ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯ ಮೇಲೆ ಓಡುವ ತರುಣನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಕಾಲಿನಲ್ಲಿ ದಪ್ಪನೆಯ ಮೆತ್ತನೆಯ ಅಟ್ಟೆಯುಳ್ಳ ಓಟದ ಬೂಟುಗಳಿವೆ. ಸಂಜೆ ಅವನು ಅದೇ ಬೂಟುಗಳನ್ನು ಮೆಟ್ಟಿ ಬ್ಯಾಡ್ಮಿಂಟನ್ ಆಡಲು ಹೋಗುತ್ತಾನೆ. ಎದುರಾಳಿಯು ಚಿಮ್ಮಿಸಿದ ಹಕ್ಕಿಚೆಂಡು ಬಲಬದಿಯ ಗೆರೆಯತ್ತ ಇಳಿಯುತ್ತದೆ. ಇವನು ಎರಡು ಹೆಜ್ಜೆ ನುಗ್ಗಿ ಬಲಗಾಲನ್ನು ಊರಿ ನಿಲ್ಲಲು ನೋಡುತ್ತಾನೆ. ಮೈ ಮಾತ್ರ ನಿಲ್ಲದೆ ಮುಂದಕ್ಕೆ ವಾಲುತ್ತದೆ, ಪಾದ ಹೊರ ಅಂಚಿನ ಮೇಲೆ ಮಗುಚುತ್ತದೆ, ಕಾಲು ಉಳುಕುತ್ತದೆ. ಬೆಲೆಯುಳ್ಳ ಹೊಸ ಬೂಟು ಹೀಗೇಕೆ ಕೈಕೊಟ್ಟಿತು? ಬೂಟಿನಲ್ಲಿ ದೋಷವೇನೂ ಇಲ್ಲ. ಅದನ್ನು ಮಾಡಿದ್ದು ಬೇರೊಂದು ಕೆಲಸಕ್ಕೆ, ಅಷ್ಟೆ.

ಓಡುವವನ ಪಾದ ಸಾವಿರಾರು ಸಲ ಒಂದೇ ರೀತಿಯಲ್ಲಿ ನೆಲಕ್ಕೆ ತಾಗುತ್ತದೆ. ಹೆಜ್ಜೆ ಹೆಜ್ಜೆಗೂ ದೇಹದ ತೂಕದ ಎರಡು ಪಟ್ಟಿಗೂ ಮೀರಿದ ಒತ್ತಡ ಬೀಳುತ್ತದೆ, ಆದರೆ ಚಲನೆಯೆಲ್ಲ ಮುಂದಕ್ಕೇ. ಆದುದರಿಂದ ಓಟದ ಬೂಟಿಗೆ ಬೇಕಾದುದು ಏಟನ್ನು ನುಂಗುವ ದಪ್ಪ ಮೆತ್ತೆ, ಗಾಳಿಯಾಡುವ ಹಗುರವಾದ ಜಾಳಿಗೆಯ ಮೇಲ್ಭಾಗ, ರಸ್ತೆಯಲ್ಲಿ ಬೇಗ ಸವೆಯದ ಗಟ್ಟಿ ರಬ್ಬರು. ಬ್ಯಾಡ್ಮಿಂಟನ್ನಿನ ಒಂಟಿಯಾಟದ ಅಂಗಳವಾದರೋ 5.18 ಮೀಟರಿನಷ್ಟೇ ಅಗಲ. ನಡುವೆ ನಿಂತವನಿಗೆ ಯಾವ ಬದಿಯ ಗೆರೆಯೂ ಮೂರು ಮೀಟರಿಗಿಂತ ದೂರವಿಲ್ಲ. ಎರಡು ಮೂರು ಹೆಜ್ಜೆಗೊಮ್ಮೆ ನಿಲ್ಲಬೇಕು, ತಿರುಗಬೇಕು, ಮತ್ತೆ ನಡುವಿಗೆ ಮರಳಬೇಕು. ಇಲ್ಲಿ ಬೂಟಿನ ಮುಖ್ಯ ಕೆಲಸ ಓಡಿಸುವುದಲ್ಲ, ನಿಲ್ಲಿಸುವುದು.

ಅಡ್ಡಲಾಗಿ ನುಗ್ಗಿದವನು ನಿಲ್ಲುವಾಗ ಪಾದದ ಮೇಲೆ ಆಗುವುದೇನು ಎಂಬುದನ್ನು ಈಗ ವಿಚಾರಿಸೋಣ. ನಮ್ಮ ಸೀಮೆಯವರಿಗೆ ಹತ್ತಿಯ ಬಂಡಿಯ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಅಂಡಿಗೆಗಳನ್ನು ಎತ್ತರಕ್ಕೆ ಹೇರಿದ ಬಂಡಿ ತಿರುವಿನಲ್ಲಿ ಉರುಳುವ ಸಂಭವ ಹೆಚ್ಚು. ಅದೇ ತೂಕವನ್ನು ತಗ್ಗಾಗಿ ಹೇರಿದರೆ ಕಡಿಮೆ. ಬೂಟಿನೊಳಗಿನ ಪಾದಕ್ಕೂ ಇದೇ ನ್ಯಾಯ. ಪಾದ ಪಕ್ಕಕ್ಕೆ ಮಗುಚುವ ಕೀಲು ಅಂಗಾಲಿನಿಂದ ಸುಮಾರು 7 ಸೆಂಟಿಮೀಟರ್ ಮೇಲಿದೆ ಎಂದಿಟ್ಟುಕೊಳ್ಳೋಣ. ಒಳಾಂಗಣದ ಬೂಟಿನ ಹಿಮ್ಮಡಿಯಡಿಯ ಅಟ್ಟೆ 2 ಸೆಂಟಿಮೀಟರ್ ದಪ್ಪವಿದ್ದರೆ ಕೀಲು ನೆಲದಿಂದ 9 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಓಟದ ಬೂಟಿನ ಅಟ್ಟೆ 3.5 ಸೆಂಟಿಮೀಟರ್ ಇದ್ದರೆ 10.5 ಸೆಂಟಿಮೀಟರ್ ಎತ್ತರದಲ್ಲಿ. ನಿಲ್ಲುವ ಕ್ಷಣದಲ್ಲಿ ನೆಲವು ಪಾದವನ್ನು 40 ಕಿಲೋಗ್ರಾಂ ತೂಕದಷ್ಟು ಬಲದಿಂದ ಅಡ್ಡಲಾಗಿ ತಳ್ಳಿತೆನ್ನಿ. ಬಲವನ್ನು ಎತ್ತರದಿಂದ ಗುಣಿಸಿದರೆ ಪಾದವನ್ನು ಮಗುಚುವ ತಿರುಗುಬಲ ದೊರೆಯುತ್ತದೆ: ಮೊದಲನೆಯದರಲ್ಲಿ 360, ಎರಡನೆಯದರಲ್ಲಿ 420. ಆಟಗಾರ ಅವನೇ, ನೆಗೆತವೂ ಅದೇ. ಅಟ್ಟೆಯ ದಪ್ಪ ಹೆಚ್ಚಿದ ಮಾತ್ರದಿಂದ ಮಗುಚುವ ಬಲ ಆರನೆಯ ಒಂದು ಪಾಲಿನಷ್ಟು ಬೆಳೆಯಿತು.

ದೇಹದ ತೂಕ ಕೆಳಕ್ಕೆ ಒತ್ತುತ್ತಿರುವುದರಿಂದ ಈ ಮಗುಚುವಿಕೆಗೆ ಒಂದು ತಡೆಯೂ ಉಂಟು. ತೂಕವು ಅಟ್ಟೆಯ ಹೊರ ಅಂಚಿನಿಂದ ಒಳಗಡೆ ಬೀಳುತ್ತಿರುವ ತನಕ ಪಾದ ನಿಲ್ಲುತ್ತದೆ. ಮೆತ್ತನೆಯ ಅಟ್ಟೆ ಕೆಡಿಸುವುದು ಈ ತಡೆಯನ್ನೇ. ಅಡ್ಡಲಾಗಿ ನಿಂತಾಗ ಒತ್ತಡವೆಲ್ಲ ಹೊರ ಅಂಚಿಗೆ ಸರಿದು ಅಲ್ಲಿನ ಮೆತ್ತೆ ಕುಗ್ಗುತ್ತದೆ. 8 ಸೆಂಟಿಮೀಟರ್ ಅಗಲದ ಅಟ್ಟೆಯಲ್ಲಿ ಹೊರ ಅಂಚು ಒಳ ಅಂಚಿಗಿಂತ 6 ಮಿಲಿಮೀಟರ್ ಹೆಚ್ಚು ಕುಗ್ಗಿದರೆ ಪಾದ ನಾಲ್ಕು ಡಿಗ್ರಿಗೂ ತುಸು ಹೆಚ್ಚಾಗಿ ಓರೆಯಾಗುತ್ತದೆ. ಓರೆಯಾದಷ್ಟೂ ಕೀಲು ಅಂಚಿನ ಕಡೆಗೆ ಸರಿಯುತ್ತದೆ. ಸರಿದಷ್ಟೂ ತೂಕದ ತಡೆ ಕುಂದುತ್ತದೆ. ಕುಂದಿದಷ್ಟೂ ಪಾದ ಇನ್ನೂ ಓರೆಯಾಗುತ್ತದೆ. ಬಂಡಿಯ ಒಂದು ಗಾಲಿ ಮೆತ್ತನೆಯ ಎರೆಮಣ್ಣಿನಲ್ಲಿ ಹೂತಾಗ ಆಗುವುದೂ ಇದೇ.

ಕಾಲಿನ ಸ್ನಾಯುಗಳು ಪಾದವನ್ನು ಎಳೆದು ನೆಟ್ಟಗೆ ಮಾಡಲಾರವೇ ಎಂದು ವಾಚಕರು ಕೇಳಬಹುದು. ಮಾಡಬಲ್ಲವು, ಆದರೆ ಅವಕ್ಕೆ ವೇಳೆ ಸಾಲದು. ಕಾಲು ಉಳುಕುವುದು ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಅಥವಾ ಅದಕ್ಕೂ ಕಡಿಮೆ ಅವಧಿಯಲ್ಲಿ. ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ ಹೋಗಿ, ಆಜ್ಞೆ ಹಿಂದಿರುಗಿ, ಸ್ನಾಯು ಬಿಗಿಯುವ ಹೊತ್ತಿಗೆ ಕಾಲಿನ ಹೊರಮಗ್ಗುಲಿನ ಅಸ್ಥಿರಜ್ಜು ಎಳೆದು ಹೋಗಿರುತ್ತದೆ. ಸ್ನಾಯು ಸಿದ್ಧವಾಗುವುದಕ್ಕೆ ಮೊದಲಿನ ಆ ಕ್ಷಣವನ್ನು ಕಾಯಬೇಕಾದುದು ಬೂಟಿನ ಆಕಾರ.

ಒಳಾಂಗಣದ ಬೂಟನ್ನು ತಿರುಗಿಸಿ ನೋಡಿದರೆ ಈ ಕಾವಲಿನ ಏರ್ಪಾಡುಗಳು ಕಣ್ಣಿಗೆ ಬೀಳುತ್ತವೆ. ಅಟ್ಟೆ ತಗ್ಗಾಗಿದೆ. ಕಿರುಬೆರಳಿನ ಬುಡದ ಹತ್ತಿರ ಅದು ಪಾದಕ್ಕಿಂತ ತುಸು ಹೊರಕ್ಕೆ ಚಾಚಿದೆ. ರಬ್ಬರು ಅಲ್ಲಿ ಪಕ್ಕದ ಗೋಡೆಯ ಮೇಲೂ ಹತ್ತಿ ನಿಂತಿದೆ. ಮೇಲ್ಭಾಗದ ಬದಿಗಳಲ್ಲಿ ಹಿಗ್ಗದ ಪಟ್ಟಿಗಳಿವೆ. ಓಟದ ಬೂಟಿನ ಜಾಳಿಗೆ ಅಡ್ಡಲಾಗಿ ಹಿಗ್ಗುವುದರಿಂದ, ಅಟ್ಟೆ ನೆಲದ ಮೇಲೆ ನಿಂತರೂ ಪಾದ ಒಳಗೇ ಜರುಗಿ ಅದರ ಅಂಚನ್ನು ದಾಟುತ್ತದೆ. ಒಳಾಂಗಣದ ಬೂಟಿನಲ್ಲಿ ಹಿಮ್ಮಡಿಯನ್ನು ಸುತ್ತುವ ಬಟ್ಟಲೂ ಗಟ್ಟಿಯಾಗಿರುತ್ತದೆ. ಬ್ಯಾಡ್ಮಿಂಟನ್ ಬೂಟಿನ ಹೆಬ್ಬೆರಳಿನ ಒಳಮಗ್ಗುಲಿಗೆ ಇನ್ನೊಂದು ಪದರವಿರುವುದುಂಟು. ಮುಂದಕ್ಕೆ ಚಾಚಿ ಹೊಡೆಯುವಾಗ ಹಿಂದಿನ ಕಾಲು ನೆಲಕ್ಕೆ ಎಳೆದುಕೊಂಡು ಬಂದು ಸವೆಯುವುದು ಅಲ್ಲಿಯೇ.

ಇನ್ನು ಹಿಡಿತದ ವಿಷಯ. ಅಟ್ಟೆಯಲ್ಲಿ ಹಳ್ಳತಿಟ್ಟುಗಳು ಆಳವಾಗಿದ್ದಷ್ಟೂ ಹಿಡಿತ ಹೆಚ್ಚೆಂದು ಬಹುಮಂದಿ ತಿಳಿಯುತ್ತಾರೆ. ಹಲ್ಲುಗಳು ಕಚ್ಚಿಕೊಳ್ಳುವಂಥ ಮಣ್ಣಿನಲ್ಲಿ ಅದು ನಿಜ. ನುಣುಪಾದ ಮರದ ಹಾಸಿನ ಮೇಲೆ ಅಥವಾ ಕೃತಕ ಚಾಪೆಯ ಮೇಲೆ ಹಲ್ಲಿಗೆ ಕಚ್ಚಲು ಏನೂ ಸಿಗದು. ಅಲ್ಲಿ ಹಿಡಿತ ಬರುವುದು ರಬ್ಬರು ನೆಲಕ್ಕೆ ಅಂಟಿಕೊಳ್ಳುವುದರಿಂದ. ನುಣುಪೆಂದು ತೋರುವ ನೆಲದಲ್ಲಿಯೂ ಸೂಕ್ಷ್ಮವಾದ ಏರುತಗ್ಗುಗಳಿವೆ; ಮೃದುವಾದ ರಬ್ಬರು ಅವುಗಳೊಳಕ್ಕೆ ಇಳಿದು ಹೆಚ್ಚು ಕಡೆ ನೆಲವನ್ನು ಮುಟ್ಟುತ್ತದೆ. ಈ ಕಾರಣದಿಂದಲೇ ಒಳಾಂಗಣದ ಬೂಟಿಗೆ ಜೇನುಬಣ್ಣದ ಮೆದು ರಬ್ಬರಿನ, ಆಳವಿಲ್ಲದ ಗೆರೆಗಳ, ಬಹುಮಟ್ಟಿಗೆ ಚಪ್ಪಟೆಯಾದ ಅಟ್ಟೆ. ಓಟದ ಬೂಟಿನಡಿಯಲ್ಲಿ ಗಟ್ಟಿ ರಬ್ಬರು ತುಂಡುತುಂಡಾಗಿರುತ್ತದೆ, ನಡುನಡುವೆ ಬರಿಯ ಮೆತ್ತೆ ಹೊರಗೆ ಕಾಣುತ್ತದೆ. ನೆಲವನ್ನು ಮುಟ್ಟುವ ಜಾಗವೇ ಕಡಿಮೆ.

ಆದರೆ ಎಂಥ ಒಳ್ಳೆಯ ರಬ್ಬರೂ ಧೂಳಿಗೆ ಸೋಲುತ್ತದೆ. ಹುಬ್ಬಳ್ಳಿಯಿಂದ ಪೂರ್ವಕ್ಕೆ ಎರೆಭೂಮಿ, ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ಮಣ್ಣು. ಬೇಸಗೆಯ ಗಾಳಿ ಎರಡನ್ನೂ ಮನೆಯೊಳಕ್ಕೆ ತರುತ್ತದೆ. ಎರೆಮಣ್ಣಿನ ಜೇಡಿಯ ಕಣಗಳು ಮಿಲಿಮೀಟರಿನ ಐನೂರನೆಯ ಒಂದು ಪಾಲಿಗಿಂತಲೂ ಚಿಕ್ಕವು. ಇಂಥ ಕಣಗಳ ತೆಳ್ಳನೆಯ ಪದರ ಸಾಕು, ರಬ್ಬರು ನೆಲವನ್ನು ಮುಟ್ಟುವುದೇ ಇಲ್ಲ, ಧೂಳಿನ ಮೇಲೆ ಜಾರುತ್ತದೆ. ಮೆದು ರಬ್ಬರು ತುಸು ಅಂಟಾಗಿರುವುದರಿಂದ ಧೂಳನ್ನು ಬೇಗ ಹಿಡಿಯುತ್ತದೆ. ಒಳಾಂಗಣದ ಬೂಟನ್ನು ಮೆಟ್ಟಿ ಬೀದಿಯಲ್ಲಿ ನಡೆಯಬಾರದೆಂಬ ನಿಯಮದ ಮರ್ಮವಿದು: ನೆಲ ಕೊಳೆಯಾಗುವುದಷ್ಟೇ ಅಲ್ಲ, ಬೂಟು ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಆಟದ ನಡುವೆ ಕಾಲು ಜಾರತೊಡಗಿದರೆ ಅಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರಸಿ, ಒಣ ಬಟ್ಟೆಯಿಂದ ತೇವ ತೆಗೆಯಬೇಕು. ಹಿಡಿತ ಮರಳಿದರೆ ತಪ್ಪು ಧೂಳಿನದು. ಮರಳದಿದ್ದರೆ ರಬ್ಬರು ಮುದಿಯಾಗಿದೆ. ಬಿಸಿಲು ಮತ್ತು ಗಾಳಿಗಳ ಸಂಪರ್ಕದಿಂದ ರಬ್ಬರು ಕಾಲಕ್ರಮದಲ್ಲಿ ಗಟ್ಟಿಯಾಗಿ ಹೊಳಪೇರುತ್ತದೆ. ಬೂಟನ್ನು ನೆರಳಿನಲ್ಲಿ ಒಣಗಿಸಬೇಕೆಂಬುದು ಇದಕ್ಕಾಗಿಯೇ.

ಹಿಡಿತ ಹೆಚ್ಚಾದಷ್ಟೂ ಒಳ್ಳೆಯದೆಂದೂ ಹೇಳುವಂತಿಲ್ಲ. ಪಾದ ನೆಲಕ್ಕೆ ಕಚ್ಚಿ ನಿಂತಿರುವಾಗ ಮೈ ತಿರುಗಿದರೆ ತಿರುಚಿಕೊಳ್ಳುವುದು ಮೊಣಕಾಲು. ಹೆಬ್ಬೆರಳಿನ ಬುಡದ ಮೇಲೆ ತಿರುಗಲು ಎಡೆಯಿರಬೇಕು. ಹಲವು ಬೂಟುಗಳಲ್ಲಿ ಅಲ್ಲಿ ವೃತ್ತಾಕಾರದ ಗೆರೆಗಳನ್ನು ಕೊರೆದಿರುವುದು ಈ ಉದ್ದೇಶದಿಂದ.

ಮೇಜಿನ ಆಟಗಳಲ್ಲಿ ಬೂಟಿನ ಪ್ರಶ್ನೆ ನಿಜವಾಗಿ ಏಳುವುದು ಟೇಬಲ್ ಟೆನ್ನಿಸಿನಲ್ಲಿ; ಕೇರಂ ಆಡುವವನು ಯಾವ ಬೂಟು ಮೆಟ್ಟಿದರೂ ನಡೆಯುತ್ತದೆ. ಟೇಬಲ್ ಟೆನ್ನಿಸಿನ ಮೇಜು ಒಂದೂವರೆ ಮೀಟರಿಗೆ ತುಸು ಮೇಲ್ಪಟ್ಟು ಅಗಲ. ಆಟಗಾರ ಮಂಡಿ ಬಾಗಿಸಿ, ಮುಂಗಾಲಿನ ಮೇಲೆ ಭಾರವಿಟ್ಟು, ಕಿರಿಕಿರಿದಾದ ಅಡ್ಡಹೆಜ್ಜೆಗಳನ್ನು ಇಡುತ್ತಾನೆ. ಎತ್ತರದಿಂದ ಇಳಿಯುವ ನೆಗೆತ ಇಲ್ಲಿ ವಿರಳ. ಆದುದರಿಂದ ಅದರ ಬೂಟು ಬ್ಯಾಡ್ಮಿಂಟನ್ನಿನದಕ್ಕಿಂತ ಹಗುರ, ಅಟ್ಟೆ ಇನ್ನೂ ತೆಳ್ಳಗೆ, ಮುಂಭಾಗ ಸಲೀಸಾಗಿ ಬಾಗುವಂಥದು. ಬ್ಯಾಡ್ಮಿಂಟನ್ ಬೂಟು ಈ ಆಟಕ್ಕೆ ಚೆನ್ನಾಗಿ ನಡೆಯುತ್ತದೆ. ಟೇಬಲ್ ಟೆನ್ನಿಸಿನ ಬೂಟಿನಲ್ಲಿ ಬ್ಯಾಡ್ಮಿಂಟನ್ ಆಡಿದರೆ, ಮುಂದಕ್ಕೆ ಚಾಚಿ ಹಿಮ್ಮಡಿಯ ಮೇಲೆ ಇಳಿಯುವಾಗ ಏಟು ನೇರವಾಗಿ ಎಲುಬಿಗೆ ತಾಗುತ್ತದೆ.

ನೆಲವನ್ನೂ ಮರೆಯುವಂತಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ನಮ್ಮ ಪ್ರಕಾಶ್ ಪಡುಕೋಣೆಯವರು ಬಾಲ್ಯದಲ್ಲಿ ಆಡಿ ಕಲಿತದ್ದು ಬೆಂಗಳೂರಿನ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣದಲ್ಲಿ. ಆಟಕ್ಕೆಂದೇ ಕಟ್ಟದ ಇಂಥ ಸಭಾಂಗಣಗಳು ಇಂದಿಗೂ ಊರೂರಿನಲ್ಲಿವೆ. ಅಲ್ಲಿ ಸಾಮಾನ್ಯವಾಗಿ ಸಿಮೆಂಟು ಇಲ್ಲವೆ ಕಲ್ಲಿನ ನೆಲ. ಅದು ಮರದಂತೆ ಬಳುಕದು. ಆದುದರಿಂದ ಅಲ್ಲಿ ತೀರ ತೆಳ್ಳನೆಯ ಅಟ್ಟೆಗಿಂತ ಹಿಮ್ಮಡಿಯಲ್ಲಿ ತುಸು ಮೆತ್ತೆಯುಳ್ಳ ಒಳಾಂಗಣದ ಬೂಟೇ ಮೇಲು. ಒರಟು ಸಿಮೆಂಟಿನ ಮೇಲೆ ಮೆದು ರಬ್ಬರು ಬೇಗ ಸವೆಯುತ್ತದೆಂಬುದೂ ತಿಳಿದಿರಬೇಕು. ಇನ್ನು ಅಂಗಳದ ಮಣ್ಣಿನ ನೆಲದಲ್ಲಿ ಆಡುವವರಿಗೆ ಚಪ್ಪಟೆ ಅಟ್ಟೆ ಹಿಡಿತ ಕೊಡದು. ಅಲ್ಲಿಗೆ ಹಲ್ಲುಳ್ಳ ಅಟ್ಟೆಯೇ ಬೇಕು, ಆದರೆ ಅದೂ ತಗ್ಗಾಗಿರಬೇಕು.

ಅಂಗಡಿಯಲ್ಲಿ ಬೂಟನ್ನು ಪರೀಕ್ಷಿಸಲು ಕೈಗಳೇ ಸಾಕು. ಹಿಮ್ಮಡಿಯನ್ನೂ ತುದಿಯನ್ನೂ ಹಿಡಿದು ಬಾಗಿಸಬೇಕು: ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಿ ಮಡಿಯಬಾರದು. ಬಟ್ಟೆ ಹಿಂಡುವಂತೆ ತಿರುಚಿದರೆ ಅದು ತಡೆಯೊಡ್ಡಬೇಕು. ಹೊರ ಅಂಚಿನ ಮೆತ್ತೆಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೆ ಆಳಕ್ಕೆ ಇಳಿಯಬಾರದು. ಅಡಿಯ ರಬ್ಬರಿಗೆ ಉಗುರನ್ನು ಒತ್ತಿದರೆ ಮಾತ್ರ ತುಸು ತಗ್ಗಬೇಕು. ಕೊನೆಗೆ ಮೆಟ್ಟಿ ನಿಂತು, ಮೈಯ ಭಾರವನ್ನು ಹೊರ ಅಂಚಿನತ್ತ ಮೆಲ್ಲನೆ ತಳ್ಳಿ ನೋಡಬೇಕು. ಪಾದ ಬೂಟಿನೊಳಗೆ ಜರುಗಿದರೆ ಆ ಬೂಟು ಬೇಡ.

ಬೂಟೊಂದರಿಂದಲೇ ಕಾಲು ಉಳುಕುವುದು ತಪ್ಪುತ್ತದೆಂದು ನಾವು ಹೇಳುವುದಿಲ್ಲ. ಜೋಡಿಯಾಟದಲ್ಲಿ ಸಂಗಡಿಗನ ಪಾದದ ಮೇಲೆ ಕಾಲಿಟ್ಟವನನ್ನು ಯಾವ ಅಟ್ಟೆಯೂ ಕಾಯದು. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಂಭವವೂ ಹೆಚ್ಚು. ಅಂಥವರಿಗೆ ಬೂಟಿಗಿಂತ ಮೊದಲು ವೈದ್ಯರ ಸಲಹೆಯೂ ಸ್ನಾಯುಗಳ ವ್ಯಾಯಾಮವೂ ಬೇಕು. ಕೆರೆಯ ದಂಡೆಯ ನಮ್ಮ ತರುಣನೂ ಓಟದ ಬೂಟನ್ನು ಎಸೆಯಬೇಕಾಗಿಲ್ಲ. ಬೆಳಗಿನ ಓಟಕ್ಕೆ ಅದಕ್ಕಿಂತ ತಕ್ಕ ಬೂಟಿಲ್ಲ. ಸಂಜೆ ಅದನ್ನು ಮೆಟ್ಟಿಯೇ ಸಭಾಂಗಣದ ಬಾಗಿಲವರೆಗೆ ಹೋಗಲಿ. ಚೀಲದಲ್ಲಿ ತಂದ ಇನ್ನೊಂದು ಜೊತೆಯನ್ನು ಅಲ್ಲಿ ಮೆಟ್ಟಿಕೊಳ್ಳಲಿ.