ಕೈಮಗ್ಗದ ದಾಸ್ತಾನು: ತೂಕದ ಜೊತೆಗೆ ಲಾಟಿನ ಲೆಕ್ಕ

ಕೈಮಗ್ಗದ ನೇಕಾರರ ದಾಸ್ತಾನು ಪುಸ್ತಕ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಬಣ್ಣ ಹಾಕಿದ ನೂಲು ಎಷ್ಟಿದೆ, ನೇಯ್ದ ಬಟ್ಟೆ ಎಷ್ಟಿದೆ, ಯಾವ ಆರ್ಡರ್ ಬಾಕಿ ಇದೆ. ಈ ಮೂರನ್ನೂ ಹೆಣೆಯುವುದು ಬಣ್ಣದ ಲಾಟ್. ಒಂದೇ ಹಂಡೆಯಲ್ಲಿ ಒಂದೇ ಸಲಕ್ಕೆ ಬಣ್ಣ ಹಾಕಿದ ನೂಲೆಲ್ಲ ಒಂದು ಲಾಟ್. ಪುಡಿಯೂ ಅಳತೆಯೂ ಅವೇ ಇದ್ದರೂ ನೀರು, ಬಿಸಿ, ನೆನೆಸಿದ ಹೊತ್ತು ಬೇರೆಯಾದರೆ ಛಾಯೆ ಬದಲಾಗುತ್ತದೆ. ಲಡಿಯಲ್ಲಿ ಕಣ್ಣಿಗೆ ಬೀಳದ ಆ ವ್ಯತ್ಯಾಸ ಬಟ್ಟೆಯಲ್ಲಿ ಎದ್ದು ಕಾಣುತ್ತದೆ. ಹೊಕ್ಕಿನ ನೂಲು ನಡುವೆ ಬದಲಾದರೆ ಅಡ್ಡಪಟ್ಟೆ ಬೀಳುತ್ತದೆ, ಹಾಸಿನಲ್ಲಿ ಎರಡು ಲಾಟ್ ಬೆರೆತರೆ ಉದ್ದಗೆರೆ ಬೀಳುತ್ತದೆ.

ಆದ್ದರಿಂದ ನೂಲಿನ ಪುಟದಲ್ಲಿ ಪ್ರತಿ ಲಾಟಿಗೂ ಒಂದು ಸಾಲು ಬೇಕು. ಲಾಟ್ ಸಂಖ್ಯೆ, ಬಣ್ಣ ಹಾಕಿದ ದಿನ, ನೂಲಿನ ನಂಬರ್, ತೂಕ ಬರೆದು, ಅದೇ ಲಾಟಿನ ನಾಲ್ಕು ಎಳೆಗಳನ್ನು ಪಕ್ಕದಲ್ಲಿ ಅಂಟಿಸಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಅಲ್ಲಿ ಎರಡಕ್ಕೂ ಪ್ರತ್ಯೇಕ ಸಾಲು ಇರಬೇಕು.

ತೂಕವನ್ನು ಬಣ್ಣ ಹಾಕಿ ಚೆನ್ನಾಗಿ ಒಣಗಿದ ಮೇಲೆಯೇ ಬರೆಯಬೇಕು. ಹಸಿ ಹತ್ತಿ ನೂಲನ್ನು ಕುದಿಸಿ ತೊಳೆದಾಗ ಅದರ ಮೇಣ, ಕೊಳೆ ಹೋಗಿ ಸುಮಾರು ಶೇ 5ರಷ್ಟು ತೂಕ ಕಳೆಯಬಹುದು. ಅಂಗಡಿಯಿಂದ ತಂದ 5 ಕೆ.ಜಿ. ಕಟ್ಟನ್ನು ಪುಸ್ತಕದಲ್ಲೂ 5 ಕೆ.ಜಿ. ಎಂದೇ ಬರೆದರೆ ಕೊರತೆ ಮೊದಲ ದಿನವೇ ಒಳಗೆ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ಹತ್ತಿ ತೇವ ಹೀರುವುದರಿಂದ ಆಗಿನ ತೂಕವನ್ನೂ ಹಾಗೆಯೇ ನಂಬುವಂತಿಲ್ಲ.

ತೂಕದಿಂದ ಉದ್ದ ತಿಳಿಯುವುದು ನೂಲಿನ ನಂಬರಿನಿಂದ. ಹತ್ತಿ ನೂಲಿನ ನಂಬರನ್ನು 1,693ರಿಂದ ಗುಣಿಸಿದರೆ ಒಂದು ಕೆ.ಜಿ.ಯಲ್ಲಿ ಎಷ್ಟು ಮೀಟರ್ ಇದೆ ಎಂದು ಗೊತ್ತಾಗುತ್ತದೆ. ಆ ಪ್ರಕಾರ 40ನೇ ನಂಬರಿನ ಒಂದು ಕೆ.ಜಿ. ನೂಲು ಸುಮಾರು 67,700 ಮೀಟರ್.

ಐದೂವರೆ ಮೀಟರಿನ 10 ಮರೂನ್ ಸೀರೆಗಳ ಆರ್ಡರ್ ಬಂದಿದೆ ಎಂದುಕೊಳ್ಳೋಣ. ಹಾಸಿಗೆ 2,880 ಎಳೆ. ಬಟ್ಟೆ 55 ಮೀಟರ್ ಬೇಕಾದರೂ ನೇಯುವಾಗ ಎಳೆ ಬಾಗಿ ತಗ್ಗುವ ಉದ್ದಕ್ಕೆ 3 ಮೀಟರ್, ಮಗ್ಗದ ತುದಿಯಲ್ಲಿ ಉಳಿಯುವ ಹಾಸಿಗೆ 2 ಮೀಟರ್ ಸೇರಿಸಿ 60 ಮೀಟರ್ ಹಾಸು ಮಾಡಬೇಕು. 40ನೇ ನಂಬರಿನಲ್ಲಿ, ಸವಕಳಿ ಸೇರಿ, ಇದಕ್ಕೆ 2.63 ಕೆ.ಜಿ. ಬೇಕು. ಇಂಚಿಗೆ 56 ಹೊಕ್ಕು, 48 ಇಂಚು ಅಗಲ ಎಂದಿಟ್ಟುಕೊಂಡರೆ ಹೊಕ್ಕಿಗೆ 2.3 ಕೆ.ಜಿ. ಹಿಡಿಯುತ್ತದೆ. ಒಟ್ಟು 4.93 ಕೆ.ಜಿ.

ಪುಸ್ತಕದಲ್ಲಿ ಮರೂನಿನ ಎರಡು ಲಾಟ್ ಇವೆ: 14ರಲ್ಲಿ 4.7 ಕೆ.ಜಿ., 17ರಲ್ಲಿ 3 ಕೆ.ಜಿ. ಲಾಟ್ 14ರಿಂದಲೇ ಹಾಸನ್ನೂ ಹೊಕ್ಕನ್ನೂ ಶುರು ಮಾಡಿದರೆ ಹತ್ತನೇ ಸೀರೆಯ ಹೊತ್ತಿಗೆ ಹೊಕ್ಕು ಮುಗಿಯುತ್ತದೆ. ಉಳಿದದ್ದನ್ನು 17ರಿಂದ ನೇಯ್ದರೆ ಪಟ್ಟೆ ಬೀಳುತ್ತದೆ. ಹಾಸಿಗೆಲ್ಲ 14, ಹೊಕ್ಕಿಗೆಲ್ಲ 17 ಎಂದು ಮೊದಲೇ ತೆಗೆದಿಟ್ಟರೆ ಎರಡು ಛಾಯೆಗಳೂ ಇಡೀ ಬಟ್ಟೆಯಲ್ಲಿ ಸಮನಾಗಿ ಬೆರೆತು, ಹತ್ತೂ ಸೀರೆಗಳ ಬಣ್ಣ ಒಂದೇ ಆಗುತ್ತದೆ.

ಹೀಗೆ ತೆಗೆದಿಟ್ಟ ನೂಲನ್ನು ಅದೇ ದಿನ ‘ಮೀಸಲು’ ಕಾಲಂನಲ್ಲಿ ಆರ್ಡರ್ ಸಂಖ್ಯೆಯೊಂದಿಗೆ ಬರೆಯಬೇಕು. ನೂಲು ಇನ್ನೂ ಗೂಟದ ಮೇಲೆ ಕಾಣುತ್ತಿದ್ದರೂ ಅದು ಖಾಲಿ ದಾಸ್ತಾನಲ್ಲ. ಮೀಸಲು ಕಳೆದರೆ ಲಾಟ್ 14ರಲ್ಲಿ 2.07, ಲಾಟ್ 17ರಲ್ಲಿ 0.7 ಕೆ.ಜಿ. ಉಳಿಯುತ್ತದೆ. ಮತ್ತೊಬ್ಬರು ಇದೇ ಬಗೆಯ 5 ಸೀರೆ ಕೇಳಿದರೆ ಸುಮಾರು ಎರಡೂವರೆ ಕೆ.ಜಿ. ಬೇಕು. ಒಟ್ಟು ತೂಕ ಸಾಲುತ್ತದೆ. ಆದರೆ 14ರಿಂದ ಹಾಸು ತೆಗೆದ ಮೇಲೆ, ಹೊಕ್ಕಿಗೆ ಬೇಕಾದ 1.15 ಕೆ.ಜಿ. ಯಾವ ಒಂದು ಲಾಟಿನಲ್ಲೂ ಇರುವುದಿಲ್ಲ. ಆದ್ದರಿಂದ ಹೊಕ್ಕಿಗೆ ಹೊಸದಾಗಿ ಬಣ್ಣ ಹಾಕುವ ದಿನಗಳನ್ನೂ ಸೇರಿಸಿಯೇ ಗಡುವು ಹೇಳಬೇಕು.

ಬಟ್ಟೆಯ ಪುಟದಲ್ಲಿ ಪ್ರತಿ ತುಂಡಿನ ಉದ್ದ, ಹಾಸು–ಹೊಕ್ಕಿನ ಲಾಟ್, ಆರ್ಡರ್ ಸಂಖ್ಯೆ, ಕೊಟ್ಟ ದಿನ ಬರಬೇಕು. ಮಗ್ಗದ ಮೇಲೆ ಬಿಗಿಯಾಗಿರುವ ಬಟ್ಟೆ ಕತ್ತರಿಸಿದ ಮೇಲೆ ಸಡಿಲವಾಗಿ ತುಸು ಕುಗ್ಗುತ್ತದೆ. ಹಾಗಾಗಿ ಒಂದು ದಿನ ಬಿಟ್ಟು, ಎಳೆಯದೆ ಹಾಸಿ ಅಳೆದ ಉದ್ದವನ್ನೇ ಬರೆಯಬೇಕು. ಹಾಸಿಗೆ ಹಾಕಿದ ಗಂಜಿ ಬಟ್ಟೆಯ ತೂಕ ಹೆಚ್ಚಿಸುವುದರಿಂದ, ಬಟ್ಟೆ ತೂಗಿ ನೂಲಿನ ಖರ್ಚು ತಿಳಿಯಲಾಗದು. ಹಾಸು ಮುಗಿದಾಗ ಉಳಿದ ಲಡಿ, ಕಂಡಿಕೆಗಳನ್ನು ತೂಗಿ ಮೊದಲಿನ ಅಂದಾಜಿನೊಂದಿಗೆ ಹೋಲಿಸಬೇಕು. ಆಗ ಸಿಗುವ ಸವಕಳಿ ಆ ಮಗ್ಗದ್ದೇ ಆಗಿರುತ್ತದೆ. ಮುಂದಿನ ಆರ್ಡರಿಗೆ ಎಷ್ಟು ನೂಲು ಬಣ್ಣಕ್ಕೆ ಹಾಕಬೇಕೆಂದು ಅದರಿಂದಲೇ ನಿರ್ಧರಿಸಬೇಕು.